ಪದಚರ್ಚೆ: ವಿಮಾ ಪತ್ರದ ‘ನಿರೀಕ್ಷಣಾ ಅವಧಿ’ಯಲ್ಲಿ ಯಾರು, ಯಾವುದಕ್ಕೆ ಕಾಯಬೇಕು?

ಸುಮನಾ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸಲು ಹೊರಟಿದ್ದೇನೆ. ಅವರಿಗೆ 61 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದಾರೆ. ಏಜೆಂಟರು ಇಂಗ್ಲಿಷ್ ಪಾಲಿಸಿ ಪ್ರತಿಯ ಜೊತೆಗೆ ನಾಲ್ಕು ಪುಟದ ಕನ್ನಡ ಕರಪತ್ರವನ್ನೂ ಕೊಟ್ಟರು. ಅಮ್ಮ ಓದಿದ್ದು ಕನ್ನಡದ್ದನ್ನು.

ಅದರಲ್ಲಿ ‘ವಿನಾಯಿತಿಗಳು’ ಎಂಬ ತಲೆಬರಹದ ಕೆಳಗೆ ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಕೀಲು ಬದಲಾವಣೆ ಎಂದು ಉದ್ದನೆಯ ಪಟ್ಟಿಯಿದೆ. ಅಮ್ಮ ಅದನ್ನು ಓದಿ, “ನೋಡೇ, ಪೊರೆ ತೆಗೆಸೋಕೂ ವಿನಾಯಿತಿ ಇದೆಯಂತೆ” ಎಂದು ಸಮಾಧಾನಪಟ್ಟರು. ಇಂಗ್ಲಿಷ್ ಪ್ರತಿ ತೆರೆದರೆ ಅಲ್ಲಿರುವುದು ಎಕ್ಸ್‌ಕ್ಲೂಷನ್ಸ್. ಅಂದರೆ ಕಂಪನಿ ಕೊಡುವುದಿಲ್ಲ ಎನ್ನುವ ಪಟ್ಟಿ! ಅಮ್ಮನಿಗೆ ಹೇಳುವಾಗ ನನಗೇ ಸಂಕಟವಾಯಿತು.

ಅದರ ಕೆಳಗೆ ಈ ವಾಕ್ಯ: “ಪಟ್ಟಿಯಲ್ಲಿರುವ ರೋಗಗಳಿಗೆ, ಅವು ಪಾಲಿಸಿಯ ನಂತರ ಬಂದರೂ, 24 ತಿಂಗಳ ನಿರೀಕ್ಷಣಾ ಅವಧಿ ಅನ್ವಯಿಸುತ್ತದೆ.” ಕೊನೆಯಲ್ಲಿ ‘ಉಪಮಿತಿ’ ಎಂದು ಇನ್ನೊಂದು ಪದ. ‘ನಿರೀಕ್ಷಣಾ ಅವಧಿ’ಯಲ್ಲಿ ನಿರೀಕ್ಷಿಸುವವರು ಯಾರು, ಯಾವುದನ್ನು? ಉಪಮಿತಿ ಎಂದರೆ ಮುಖ್ಯ ಮಿತಿಯ ಜೊತೆಗೆ ಸಿಗುವ ಇನ್ನೊಂದು ಮೊತ್ತವೇ?

ಶ್ರೀಧರ:

ಸುಮನಾ ಅವರೇ, ನಿರೀಕ್ಷಣಾ ಅವಧಿ ಇರುವುದು ಹಳೆಯ ಕಾಯಿಲೆಗಳಿಗೆ. ನಿಮ್ಮ ತಾಯಿಯ ಸಕ್ಕರೆ ಕಾಯಿಲೆಗೆ ಅದು ಅನ್ವಯಿಸುತ್ತದೆ. ಮೊದಲು ಇಲ್ಲದ ಕಾಯಿಲೆ ಪಾಲಿಸಿ ತಗೊಂಡ ಮೇಲೆ ಬಂದರೆ ಕಾಯುವ ಮಾತೇ ಇಲ್ಲ. ಮೊದಲ 30 ದಿನ ಕಳೆದಿದ್ದರೆ ಸಾಕು. “ಪಾಲಿಸಿಯ ನಂತರ ಬಂದರೂ” ಎಂಬುದು ಅನುವಾದದ ತಪ್ಪು ಅನಿಸುತ್ತದೆ.

ಗಂಗಾಧರಪ್ಪ:

ನಮ್ಮ ಅನುಭವ ಹೇಳುತ್ತೇನೆ. ನನ್ನ ಹೆಂಡತಿಯ ಆಪರೇಷನ್ ಆದ ಮೇಲೆ ದುಡ್ಡು ಕೈಗೆ ಬರಲು ಎರಡೂವರೆ ತಿಂಗಳು ಕಾದೆವು. ಒಂದು ಕಾಗದ ಕೊಟ್ಟರೆ ಇನ್ನೊಂದು ತನ್ನಿ ಎನ್ನುತ್ತಿದ್ದರು. ಇದು 24 ತಿಂಗಳು ಎಂದರೆ ಆಸ್ಪತ್ರೆಯ ಬಿಲ್ಲು ಕಟ್ಟಿ ಎರಡು ವರ್ಷ ಕಾಯಬೇಕೇ? ಅಂಥ ಪಾಲಿಸಿ ಬೇಡವೇ ಬೇಡ ತಾಯಿ.

ವೀಣಾ:

ಗಂಗಾಧರಪ್ಪನವರೇ, ನೀವು ಕಾದದ್ದು ಕ್ಲೇಮ್ ಇತ್ಯರ್ಥಕ್ಕೆ. ಇಲ್ಲಿ ಹೇಳುತ್ತಿರುವುದು ಬೇರೆ. ಈ ಅವಧಿಯೊಳಗೆ ಆದ ಖರ್ಚು ಆಮೇಲೂ ಬರುವುದಿಲ್ಲ. 23ನೇ ತಿಂಗಳಲ್ಲಿ ಆಪರೇಷನ್ ಮಾಡಿಸಿ, 25ನೇ ತಿಂಗಳಲ್ಲಿ ಬಿಲ್ಲು ಕೊಟ್ಟರೂ ಒಂದು ರೂಪಾಯಿ ಸಿಗದು. ಆ ರೋಗದ ಮಟ್ಟಿಗೆ ಪಾಲಿಸಿ ಇನ್ನೂ ಶುರುವೇ ಆಗಿಲ್ಲ ಎಂದು ಲೆಕ್ಕ. ಹಾಗಾಗಿ ‘ನಿರೀಕ್ಷಣಾ’ ಎನ್ನುವ ಪದವೇ ದಾರಿ ತಪ್ಪಿಸುತ್ತದೆ.

ಶ್ರೀಧರ್, ನಿಮ್ಮ ಮಾತು ಅರ್ಧ ಸರಿ. ನಾನು ಕ್ಲೇಮ್ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಅತಿ ಹೆಚ್ಚು ಜಗಳ ಕಂಡದ್ದು ನೀವು ಅನುವಾದದ ತಪ್ಪು ಎಂದ ಈ ಸಾಲಿನ ಮೇಲೆಯೇ. ಅದು ತಪ್ಪಲ್ಲ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಇಂಥ ಷರತ್ತುಗಳ ಒಕ್ಕಣೆಯನ್ನು ಒಂದೇ ರೀತಿ ಮಾಡಿತು. ಪ್ರತಿಯೊಂದಕ್ಕೂ ಸಂಕೇತ ಕೊಟ್ಟಿತು. ಇಂಗ್ಲಿಷ್ ಪಿಡಿಎಫ್‌ನಲ್ಲಿ `Excl01`, `Excl02`, `Excl03` ಎಂದು ಹುಡುಕಿ, ಮೂರೂ ಸಿಗುತ್ತವೆ.

ಮೊದಲನೆಯದು ಮೊದಲೇ ಇದ್ದ ಕಾಯಿಲೆಯದು. 2024ರ ನಿಯಮದಂತೆ ಅದಕ್ಕೆ 36 ತಿಂಗಳಿಗಿಂತ ಹೆಚ್ಚು ಅವಧಿ ಹಾಕುವಂತಿಲ್ಲ, ಹಿಂದೆ 48 ಇತ್ತು. ಮೂರನೆಯದು ಶ್ರೀಧರ್ ಹೇಳಿದ 30 ದಿನ. ಅಪಘಾತಕ್ಕೆ ಅದು ಇಲ್ಲ. ನಡುವಿನದೇ `Excl02`. ಅದು ನೋಡುವುದು ರೋಗದ ಹೆಸರನ್ನು, ರೋಗಿಯ ಹಿನ್ನೆಲೆಯನ್ನಲ್ಲ. ಪಟ್ಟಿಯಲ್ಲಿ ಹರ್ನಿಯಾ ಇದ್ದರೆ, ಪಾಲಿಸಿ ತಗೊಂಡು ಒಂದು ವರ್ಷದ ಮೇಲೆ ಹೊಸದಾಗಿ ಬಂದ ಹರ್ನಿಯಾಕ್ಕೂ ಆ 24 ತಿಂಗಳು ಮುಗಿಯಲೇಬೇಕು. ಪೊರೆ, ಹರ್ನಿಯಾ, ಕೀಲು ಬದಲಾವಣೆ ಇವೆಲ್ಲ ನಿಧಾನಕ್ಕೆ ಬೆಳೆಯುವಂಥವು, ಆಪರೇಷನ್ ಮುಂದೂಡಲು ಬರುವಂಥವು. ಬೇಕಾದಾಗ ಪಾಲಿಸಿ ಮಾಡಿಸಿ, ಆಪರೇಷನ್ ಮುಗಿಸಿ ಬಿಟ್ಟುಹೋಗಬಾರದು ಎನ್ನುವುದು ಕಂಪನಿಗಳ ಲೆಕ್ಕಾಚಾರ. ಬಿದ್ದು ಪೆಟ್ಟಾಗಿಯೇ ಮಂಡಿ ಕೀಲು ಬದಲಿಸಬೇಕಾಗಿ ಬಂದರೆ ಈ ತಡೆ ಇಲ್ಲ.

ಸುಮನಾ:

ವೀಣಾ ಮೇಡಂ, ಹಾಗಾದರೆ ಅಮ್ಮನ ಪೊರೆಗೆ 24 ತಿಂಗಳೋ 36 ತಿಂಗಳೋ? ಕರಪತ್ರದಲ್ಲಿ ಎರಡೂ ಇವೆ.

ವೀಣಾ:

ಅಮ್ಮನ ಲೆಕ್ಕವನ್ನೇ ಬಿಡಿಸೋಣ. 27ನೇ ತಿಂಗಳಲ್ಲಿ ಪೊರೆ ತೆಗೆಸಬೇಕಾಯಿತು ಎಂದಿಟ್ಟುಕೊಳ್ಳಿ. ಪಟ್ಟಿಯ 24 ತಿಂಗಳು ಕಳೆದಿದೆ. ಆದರೆ `Excl02` ಒಳಗೇ ಇನ್ನೊಂದು ಸಾಲಿದೆ. ಪಟ್ಟಿಯಲ್ಲಿರುವ ರೋಗ ಮೊದಲೇ ಇದ್ದ ಕಾಯಿಲೆಯೂ ಆಗಿದ್ದರೆ, ಎರಡು ಅವಧಿಗಳಲ್ಲಿ ಯಾವುದು ದೊಡ್ಡದೋ ಅದು. ಈಗ ನೋಡಬೇಕಾದ್ದು ಹಳೆಯ ಚೀಟಿಗಳನ್ನು. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳೊಳಗೆ ಯಾವ ಡಾಕ್ಟರಾದರೂ ಪೊರೆ ಇದೆಯೆಂದು ಗುರುತಿಸಿದ್ದರೆ ಅದು ಮೊದಲೇ ಇದ್ದ ಕಾಯಿಲೆ, ಅಮ್ಮ ಇನ್ನೂ 9 ತಿಂಗಳು ಕಾಯಬೇಕು. ಅಂಥ ಚೀಟಿ ಇಲ್ಲದಿದ್ದರೆ 27ನೇ ತಿಂಗಳಲ್ಲೇ ಕ್ಲೇಮ್ ಸಿಗಬೇಕು.

ಪೊರೆಯ ಚೀಟಿ ಸಿಕ್ಕರೆ ಅರ್ಜಿಯಲ್ಲಿ ಬರೆದುಬಿಡಿ. 36 ತಿಂಗಳಾದ ಮೇಲೆ ಕೊಡುತ್ತೇವೆ ಎಂಬ ಮಾತಿಗೆ “ಅರ್ಜಿಯಲ್ಲಿ ತಿಳಿಸಿದ್ದು, ಕಂಪನಿ ಒಪ್ಪಿದ್ದು” ಎಂಬ ಷರತ್ತು ಅಂಟಿಕೊಂಡಿರುತ್ತದೆ. ಸಕ್ಕರೆ ಕಾಯಿಲೆಯನ್ನೂ ಹಾಗೆಯೇ, ಎಷ್ಟು ವರ್ಷದಿಂದ, ಯಾವ ಮಾತ್ರೆ ಎಂದು ಬರೆಯಿರಿ. ಏಜೆಂಟರು “ಅದೆಲ್ಲ ಬೇಡ ಬಿಡಿ” ಎಂದರೂ ಬಿಡಬೇಡಿ.

ಶ್ರೀಧರ:

ತಿದ್ದಿದ್ದಕ್ಕೆ ಧನ್ಯವಾದ, ಮೇಡಂ. ಒಂದು ಸಂಶಯ. `Excl01` ಈಗಷ್ಟೇ ಓದಿದೆ. ಮೊದಲೇ ಇದ್ದ ಕಾಯಿಲೆ ಮತ್ತು ಅದರ ನೇರ ತೊಡಕುಗಳು ಎಂದಿದೆ. ಸಕ್ಕರೆ ಕಾಯಿಲೆಯವರಿಗೆ ಪೊರೆ ಬೇಗ ಬರುತ್ತದೆ ಎನ್ನುತ್ತಾರಲ್ಲ. ಪೊರೆಯ ಚೀಟಿ ಇಲ್ಲದಿದ್ದರೂ ಕಂಪನಿ ಅದನ್ನು ಸಕ್ಕರೆಯ ತೊಡಕು ಎಂದುಬಿಟ್ಟರೆ?

ವೀಣಾ:

ಎನ್ನಬಹುದು. ಹಾಗೆ ಬರೆದು ತಿರಸ್ಕರಿಸಿದ ಕಡತಗಳನ್ನೂ ನೋಡಿದ್ದೇನೆ, ಡಾಕ್ಟರ ಪತ್ರ ತಂದ ಮೇಲೆ ಅದೇ ಕಡತ ಪಾಸಾದದ್ದನ್ನೂ ನೋಡಿದ್ದೇನೆ. 61 ವರ್ಷಕ್ಕೆ ಸಕ್ಕರೆ ಇಲ್ಲದವರಿಗೂ ಪೊರೆ ಬರುತ್ತದೆ. ‘ನೇರ’ ಎಂಬ ಪದಕ್ಕೆ ಗೆರೆ ಎಲ್ಲಿ ಎಳೆಯಬೇಕು ಎಂಬುದು ಪಾಲಿಸಿಯಲ್ಲಿ ಇರುವುದಿಲ್ಲ.

ಅನಂತ:

ಪದಗಳ ವಿಷಯಕ್ಕೆ ಬರುತ್ತೇನೆ. ತೆರಿಗೆ ವಿನಾಯಿತಿ, ಶುಲ್ಕ ವಿನಾಯಿತಿ ಎಂದು ಕೇಳಿ ಬೆಳೆದವರಿಗೆ ‘ವಿನಾಯಿತಿ’ ಎಂದರೆ ನಮಗೆ ಸಿಗುವ ರಿಯಾಯಿತಿ. ಕರಪತ್ರದಲ್ಲಿ ಅದು ಕಂಪನಿ ತನಗೆ ಕೊಟ್ಟುಕೊಂಡ ವಿನಾಯಿತಿ. ಯಾರಿಗೆ ಎಂಬುದು ತಲೆಕೆಳಗಾಗಿದೆ, ಓದುವವರಿಗೆ ತಿಳಿಯುವ ದಾರಿಯೇ ಇಲ್ಲ. ‘ವಿಮೆ ಭರಿಸದ ಖರ್ಚುಗಳು’ ಎಂದರೆ ಸಾಕಿತ್ತು. ‘ನಿರೀಕ್ಷಣಾ ಅವಧಿ’ಗೆ ‘ತಡೆ ಅವಧಿ’ ಎನ್ನಬಹುದೇ? ‘ನಿರೀಕ್ಷೆ’ಯಲ್ಲಿ ಬರಲಿದೆ ಎಂಬ ಆಸೆ ಇದೆ, ‘ತಡೆ’ಯಲ್ಲಿ ಅದಿಲ್ಲ.

ಗಂಗಾಧರಪ್ಪ:

‘ತಡೆ’ ಎಂದರೆ ಪೂರ್ತಿ ತಡೆ ಎಂದುಕೊಳ್ಳುತ್ತಾರೆ, ಅನಂತ್. ಇದು ತಿಂಗಳು ಕಳೆದರೆ ತೆರೆಯುವಂಥದ್ದಲ್ಲವೇ? ‘ಕಾಯುವ ಅವಧಿ’ಯೇ ಇರಲಿ, ಎಷ್ಟು ತಿಂಗಳು, ಯಾವ ಕಾಯಿಲೆಗೆ ಎಂದು ಪಕ್ಕದಲ್ಲೇ ಬರೆಯಲಿ. ಇನ್ನೊಂದು ಮಾತು. ನನ್ನ ತಮ್ಮ ಮೂರನೇ ವರ್ಷ ಪ್ರೀಮಿಯಂ ಕಟ್ಟಲು ಮರೆತು ಎರಡು ತಿಂಗಳು ಬಿಟ್ಟ. ಆಮೇಲೆ ಅದೇ ಕಂಪನಿಯಲ್ಲಿ ಮತ್ತೆ ಮಾಡಿಸಿದ. ಎರಡು ವರ್ಷ ಕಳೆದಿದೆ, ಹರ್ನಿಯಾಕ್ಕೆ ಸಿಗುತ್ತದೆ ಎಂದುಕೊಂಡಿದ್ದ. ಸೊನ್ನೆಯಿಂದ ಎಣಿಸಿದರು.

ವೀಣಾ:

ಹೌದು, ಒಕ್ಕಣೆಯಲ್ಲಿ “ನಿರಂತರ ರಕ್ಷಣೆಯ ತಿಂಗಳುಗಳು” ಎಂದೇ ಇರುತ್ತದೆ. ವಾರ್ಷಿಕ ಕಂತಿಗೆ ಸಾಮಾನ್ಯವಾಗಿ 30 ದಿನದ ಗಡುವು ಸಿಗುತ್ತದೆ. ಅದು ದಾಟಿದರೆ ಎಳೆ ಕಡಿಯಿತು.

ಇನ್ನು ‘ಉಪಮಿತಿ’. ಅದು ಜೊತೆಗೆ ಸಿಗುವ ಮೊತ್ತವಲ್ಲ, ಸುಮನಾ. ಒಟ್ಟು ಮೊತ್ತದ ಒಳಗೇ ಕಟ್ಟಿದ ಇನ್ನೊಂದು ಬೇಲಿ. ಇದರಲ್ಲಿ ಹೆಚ್ಚು ಪೆಟ್ಟು ಕೊಡುವುದು ಕೊಠಡಿ ಬಾಡಿಗೆಯದು. 5 ಲಕ್ಷದ ಪಾಲಿಸಿ, ಬಾಡಿಗೆಯ ಮಿತಿ ದಿನಕ್ಕೆ ಅದರ ಶೇ. 1, ಅಂದರೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ನೀವು 8,000ದ ಕೊಠಡಿಯಲ್ಲಿ 4 ದಿನ ಇದ್ದಿರಿ. ಬಾಡಿಗೆಯ ಬಿಲ್ಲು 32,000. ಡಾಕ್ಟರು, ಸರ್ಜನ್, ನರ್ಸಿಂಗ್, ಆಪರೇಷನ್ ಥಿಯೇಟರ್ ಸೇರಿ 80,000. ಔಷಧ, ಪರೀಕ್ಷೆ, ಒಳಗೆ ಹಾಕುವ ಸಾಧನ ಸೇರಿ 60,000. ಒಟ್ಟು 1,72,000.

ಹೆಚ್ಚಿನವರು ಬಾಡಿಗೆಯ ವ್ಯತ್ಯಾಸ 12,000 ಕೈಯಿಂದ ಹೋಗುತ್ತದೆ, ಅಷ್ಟೇ ಎಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಬಾಡಿಗೆಗೆ 20,000 ಕೊಡುತ್ತಾರೆ. ನಿಮಗೆ ಅರ್ಹವಾದ ಕೊಠಡಿ ಎಂಟರಲ್ಲಿ ಐದು ಭಾಗವಾದ್ದರಿಂದ ಆ 80,000ವನ್ನೂ ಅದೇ ಅನುಪಾತದಲ್ಲಿ ಕಡಿದು 50,000 ಮಾಡುತ್ತಾರೆ. ಔಷಧ, ಪರೀಕ್ಷೆ, ಸಾಧನಗಳ 60,000ಕ್ಕೆ ಈ ಕಡಿತ ಇಲ್ಲ. ಕೈಗೆ ಬರುವುದು 1,30,000. ನೀವು ಕಟ್ಟುವುದು 42,000. ಕೊಠಡಿ ಯಾವುದಾದರೂ ಡಾಕ್ಟರ ಶುಲ್ಕ ಒಂದೇ ಇರುವ ಆಸ್ಪತ್ರೆಯಾದರೆ ಈ ಅನುಪಾತದ ಕಡಿತ ಮಾಡುವಂತಿಲ್ಲ.

ಪೊರೆಗೂ ಒಂದು ಕಣ್ಣಿಗೆ ಇಷ್ಟು ಎಂಬ ಮಿತಿ ಇರಬಹುದು. ಅದನ್ನೂ ಹುಡುಕಿ.

ಅನಂತ:

ಹಾಗಾದರೆ ‘ಒಳಮಿತಿ’ ಎನ್ನೋಣ. ‘ಉಪ’ ಎಂದಾಗ ಉಪನದಿಯಂತೆ ಹೊರಗಿನಿಂದ ಬಂದು ಸೇರುವಂಥದ್ದು ಅನಿಸುತ್ತದೆ. ‘ಒಳ’ ಎಂದರೆ ಇದ್ದುದರಲ್ಲೇ ಒಂದು ಭಾಗ.

ಶ್ರೀಧರ:

ಉಪವಿಭಾಗ ಎನ್ನುವಾಗ ಅದು ಒಳಗೇ ಇದೆಯಲ್ಲ, ಅನಂತ್? ಪದದ ತಪ್ಪಿಗಿಂತ ಲೆಕ್ಕ ತೋರಿಸದಿರುವ ತಪ್ಪು ದೊಡ್ಡದು ಅನಿಸುತ್ತದೆ.

ಸುಮನಾ:

ಎಲ್ಲರಿಗೂ ಧನ್ಯವಾದ. ನಿನ್ನೆ ಅಮ್ಮನ ಬೀರುವಿನ ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತೆವು. ಕನ್ನಡಕ ಬದಲಿಸಲು ಹೋದಾಗಿನ ಕಣ್ಣಿನ ಡಾಕ್ಟರ ಚೀಟಿ ಸಿಕ್ಕಿತು, ಒಂದೂವರೆ ವರ್ಷದ ಹಿಂದಿನದು. ಬಲಗಣ್ಣಿನ ಎದುರಿಗೆ “ಪೊರೆ ಆರಂಭ” ಎಂಬ ಅರ್ಥದ ಇಂಗ್ಲಿಷ್ ಟಿಪ್ಪಣಿ ಇದೆ. ಎಡಗಣ್ಣಿನ ಎದುರಿಗೆ ಏನೂ ಇಲ್ಲ. ಬಲಗಣ್ಣಿನದನ್ನು ಅರ್ಜಿಯಲ್ಲಿ ಬರೆಯುತ್ತೇವೆ. ಆದರೆ ವೀಣಾ ಮೇಡಂ, ಆಗ ಬಲಗಣ್ಣಿಗೆ 36, ಎಡಗಣ್ಣಿಗೆ 24 ಎಂದು ಎಣಿಸುತ್ತಾರೆಯೇ, ಅಥವಾ ಪೊರೆ ಎಂಬ ಒಂದೇ ಹೆಸರಿಗೆ ಎರಡೂ ಕಣ್ಣು ಸಿಕ್ಕಿಬೀಳುತ್ತವೆಯೇ?

ವೀಣಾ:

ಕಡತಗಳಲ್ಲಿ ಎರಡು ರೀತಿಯೂ ಆಗಿದೆ. ಹಣ ಕಟ್ಟುವ ಮೊದಲು ಇದೇ ಪ್ರಶ್ನೆಯನ್ನು ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಪಾಲಿಸಿ ಕೈಗೆ ಬಂದ ಮೇಲೆ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೊಡಿ ಎಂದೂ ಕೇಳಬಹುದು, ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಅದರಲ್ಲೂ ‘ವಿನಾಯಿತಿ’ ಎಂದೇ ಇದ್ದರೆ ಇಲ್ಲಿಗೆ ಹಾಕಿ.