ಸಹಾಯ ಬೇಕು: ಫೋಟೊ ಒಂದೇ ಇದೆ, ಮಿಡಿ ಉಪ್ಪಿನಕಾಯಿ ಬಗ್ಗೆ ಏನಂತ ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು, ಸಣ್ಣಪುಟ್ಟ ಬರವಣಿಗೆ ಕೆಲಸ ಮಾಡುತ್ತೇನೆ. ನಮ್ಮೂರಿನ ಅಕ್ಕ ಒಬ್ಬರು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮೊನ್ನೆ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿ, "ತಮ್ಮಾ, ಇದಕ್ಕೊಂದು ಚೆಂದದ ವಿವರಣೆ ಬರೆದುಕೊಡು" ಅಂದರು. ಜಗಲಿ ಮೇಲೆ ಗಾಜಿನ ಬಾಟಲಿ, ಕೆಂಪು ರಸದಲ್ಲಿ ತೊಟ್ಟಿನ ಸಮೇತ ಮಿಡಿಗಳು. ಲೇಬಲ್ ಕೂಡ ಇಲ್ಲ.

ಎಷ್ಟು ಗ್ರಾಂ, ಬೆಲೆ ಎಷ್ಟು, ಎಲ್ಲಿ ಮಾರುತ್ತೀರಿ ಅಂತ ಕೇಳಿದೆ. "ನಮ್ಮನೆ ಮಿಡಿ ತಿಂದಿದ್ದೀಯಲ್ಲ, ಬರಿ ಮಾರಾಯ" ಅಂದರು!

ಎರಡು ಸಲ ಬರೆದು ನೋಡಿದೆ. ಮೊದಲನೆಯದು ಬೆಂಗಳೂರಿನವರಿಗೆ ಅಂದುಕೊಂಡು. ಮಿಡಿ ಅಂದರೆ ಏನು, ಸೊನೆಯ ಪರಿಮಳ ಹೇಗಿರುತ್ತದೆ, ಮೊಸರನ್ನಕ್ಕೆ ಹೇಗೆ ನಂಜಿಕೊಳ್ಳಬೇಕು ಅಂತ ಉದ್ದವಾಯಿತು. ಊರಿನ ವಾಟ್ಸಾಪ್ ಗುಂಪಿಗಾದರೆ ಇದೆಲ್ಲ ದಂಡ. ಇಲ್ಲಿಯವರಿಗೆ ಮಿಡಿ ಏನೆಂದು ಹೇಳಬೇಕಾ? ಅವರು ನೋಡುವುದು ಬೆಲೆ, ತೂಕ, ಈ ವರ್ಷದ್ದಾ ಅಂತ. ಹಾಗಾಗಿ ಎರಡನೆಯದನ್ನು ನಾಲ್ಕೇ ಸಾಲಿಗೆ ಇಳಿಸಿದೆ. ಅದರಲ್ಲಿ "ಸಂರಕ್ಷಕ ಹಾಕಿಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ" ಅಂತ ಬರೆದು ಅಳಿಸಿದೆ. ಬರೀ ಉಪ್ಪಿನಲ್ಲೇ ಹಾಕಿದ್ದಾ, ವಿನೆಗರ್ ಸೇರಿಸಿದ್ದಾ, ನನಗೇನು ಗೊತ್ತು? ಸುಳ್ಳಾದರೆ ಬೈಸಿಕೊಳ್ಳುವವರು ಅಕ್ಕ. ಜೀರಿಗೆ ಪರಿಮಳದ ಜೀರಿಗೆ ಮಿಡಿ ಅನ್ನೋಣವೆಂದರೆ ಫೋಟೊದಲ್ಲಿ ವಾಸನೆ ಬರಲ್ಲ.

ಪೂರ್ತಿ ಪಟ್ಟಿ ಹಿಡಿದು ಕೇಳಿದರೆ ಅವರು ಸಿಟ್ಟಾಗುತ್ತಾರೆ. ಎರಡೇ ಪ್ರಶ್ನೆ ಕೇಳಬಹುದು ಅಂದರೆ ನೀವು ಯಾವುದನ್ನು ಕೇಳುತ್ತೀರಿ? ಅಥವಾ ಬೆಲೆ, ತೂಕದ ಜಾಗ ಖಾಲಿ ಬಿಟ್ಟು ನಾಲ್ಕು ಸಾಲಿನದ್ದನ್ನೇ ಕಳಿಸಿ, ನೀವೇ ತುಂಬಿ ಅನ್ನಲಾ?