ವಿಷಯ: ಮಸಾಅ × ಲಸಾಅ ಹಂತಕ್ಕೆ "ಖಚಿತಪಡಿಸಿ" ಅನ್ನಬಹುದಾ? (ಅರ್ಜೆಂಟ್)

ಸುಮಾ:
ಎಲ್ಲರಿಗೂ ನಮಸ್ಕಾರ. ಗಣಿತದ ಅಭ್ಯಾಸ ಹಾಳೆ ಒಂದನ್ನ ಕನ್ನಡಕ್ಕೆ ತರ್ತಿದೀನಿ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡ್ಬೇಕು. 84 ಮತ್ತು 120ರ ಮಸಾಅ, ಲಸಾಅ ಕಂಡುಹಿಡಿದ ಮೇಲೆ ಅವೆರಡನ್ನೂ ಗುಣಿಸಿ, ಮೂಲ ಸಂಖ್ಯೆಗಳ ಗುಣಲಬ್ಧಕ್ಕೆ ಸಮ ಬಂತಾ ಅಂತ ನೋಡೋ ಹಂತ ಇದೆಯಲ್ಲ, ಅದರ ತಲೆಬರಹಕ್ಕೆ ಏನು ಹಾಕ್ಲಿ? "ಉತ್ತರ ಸರಿ ಎಂದು ಖಚಿತಪಡಿಸಿ" ಅಂತ ಬರೆದಿದೀನಿ, ಜೊತೇಲಿ ಕೆಲಸ ಮಾಡೋರು "ಸತ್ಯಾಪಿಸಿ" ಹಾಕಿ ಅಂತಿದಾರೆ. ಹಾಳೇಲಿರೋ ಲೆಕ್ಕ ಇದು:

12 × 840 = 10080
84 × 120 = 10080

ಜಾಗ ಕಮ್ಮಿ, ಒಂದೆರಡು ಪದದಲ್ಲಿ ಮುಗಿದ್ರೆ ಒಳ್ಳೇದು.

ರಾಘವೇಂದ್ರ:
"ಸತ್ಯಾಪಿಸಿ" ಬೇಡವೇ ಬೇಡ, ಅದನ್ನ ಯಾವ ಮಗುವೂ ಬಾಯಲ್ಲಿ ಆಡಲ್ಲ. "ತಾಳೆ ನೋಡಿ" ಹಾಕಿ. ಎರಡು ತಾಳೆಗರಿ ಪಕ್ಕಪಕ್ಕ ಇಟ್ಟು ಬರಹ ಹೋಲಿಸಿ ನೋಡ್ತಿದ್ದದ್ದರಿಂದ ಬಂದ ಮಾತು ಅದು, ಅಪ್ಪಟ ಕನ್ನಡ. ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ.

ವಿನಯಾ:
ಇದೆ ಸರ್. ತಾಳೆಗರಿ ಕಥೆಗೆ ಆಧಾರ ಕೊಡಿ ಮೊದಲು. ಮರಾಠಿಯಲ್ಲಿ ಲೆಕ್ಕ ಸರಿ ಬಂತಾ ಅಂತ ನೋಡೋದಕ್ಕೆ "ತಾಳಾ" ಅಂತಾನೇ ಇದೆ, ಆಸ್ತಿ-ಸಾಲದ ಪಟ್ಟಿಗೆ "ತಾಳೇಬಂದ್" ಅಂತಾರೆ. ಪದ ಚೆನ್ನಾಗಿದೆ, ಬಳಸಿ, ಆದರೆ ಅಪ್ಪಟ ಅನ್ನೋ ಮೊಹರು ಒತ್ತಬೇಡಿ.

ರಾಘವೇಂದ್ರ:
ಅವರೇ ನಮ್ಮಿಂದ ತಗೊಂಡಿರಬಾರದು ಅಂತೇನೂ ಇಲ್ಲವಲ್ಲ. ಕನ್ನಡದ ಪದ ಅಂದ ಕೂಡಲೇ ಹೊರಗಡೆ ಬೇರು ಹುಡುಕೋದು ಒಂದು ಚಟ ಆಗಿದೆ.

ಶ್ರೀಧರ:
ಬೇರು ಆಮೇಲೆ ಹುಡುಕೋಣ, ಸುಮಾ ಅವರಿಗೆ ನಾಳೆ ಪ್ರಿಂಟ್ ಇದೆ. "ಖಚಿತಪಡಿಸಿ" ಅಂತೂ ದಯವಿಟ್ಟು ಹಾಕಬೇಡಿ, ಯಾಕಂದ್ರೆ ಈ ಗುಣಾಕಾರ ಉತ್ತರವನ್ನ ಖಚಿತ ಮಾಡೋದೇ ಇಲ್ಲ. ಗುಣಲಬ್ಧ ಹೊಂದದಿದ್ರೆ ಎಲ್ಲೋ ತಪ್ಪಿದೆ ಅಂತ ಹೇಳಬಹುದು, ಹೊಂದಿದ್ರೆ ಸರಿ ಅಂತ ಹೇಳೋಕೆ ಬರಲ್ಲ.

ಇದೇ 84, 120 ತಗೊಳ್ಳಿ. ಮಕ್ಕಳು ಎರಡನ್ನೂ ಪಕ್ಕದಲ್ಲಿ ಬರೆದು ಭಾಗಿಸ್ತಾ ಇಳೀತಾರಲ್ಲ, 2 ಹಾಕಿದ್ರೆ 42 ಮತ್ತು 60, ಆಮೇಲೆ 3 ಹಾಕಿದ್ರೆ 14 ಮತ್ತು 20. ಎಷ್ಟೋ ಮಕ್ಕಳು ಅಲ್ಲಿಗೇ ನಿಲ್ಲಿಸಿಬಿಡ್ತಾರೆ, ಇನ್ನೊಂದು ಸಲ 2 ಹೋಗುತ್ತೆ ಅನ್ನೋದು ಕಣ್ಣಿಗೆ ಬೀಳಲ್ಲ. ಮಸಾಅ 2 × 3 = 6 ಅಂತ ಬರೀತಾರೆ, ಲಸಾಅ 6 × 14 × 20 = 1680 ಅಂತ ಬರೀತಾರೆ. ಎರಡೂ ತಪ್ಪು. ಈಗ ತಾಳೆ ನೋಡಿ, 6 × 1680 = 10080. ಪಾಸ್!

ಇದು ಅಕಸ್ಮಾತ್ ಆಗಿದ್ದಲ್ಲ. ಆ ವಿಧಾನದಲ್ಲಿ ಎಲ್ಲಿ ನಿಲ್ಲಿಸಿದ್ರೂ ಎಡಗಡೆ ಬಂದ ಗುಣಲಬ್ಧ 6 ಎರಡು ಸಂಖ್ಯೆಗಳಲ್ಲೂ ಒಂದೊಂದು ಸಲ ಇರುತ್ತೆ, 84 ಅಂದ್ರೆ 6 × 14, 120 ಅಂದ್ರೆ 6 × 20. ಮಗುವಿನ ಎರಡು ಉತ್ತರ ಗುಣಿಸಿದ್ರೂ 6 × 6 × 14 × 20, ಮೂಲ ಸಂಖ್ಯೆಗಳನ್ನ ಗುಣಿಸಿದ್ರೂ ಅದೇ. ಅರ್ಧಕ್ಕೆ ನಿಲ್ಲಿಸಿದ ತಪ್ಪು ಈ ಪರೀಕ್ಷೆಗೆ ಯಾವತ್ತೂ ಸಿಗಲ್ಲ. 10080ನ್ನ ಮಸಾಅಯಿಂದ ಭಾಗಿಸಿ ಲಸಾಅ ತೆಗೆದವರ ಕಥೇನೂ ಇದೇ, ಭಾಗಿಸಿದ್ದನ್ನೇ ವಾಪಸ್ ಗುಣಿಸಿದ್ರೆ ಇನ್ನೇನು ಬರುತ್ತೆ.

ಹಾಗಂತ ಹಂತ ತೆಗೀಬೇಡಿ. ಎರಡನ್ನೂ ಬೇರೆಬೇರೆ ದಾರೀಲಿ ಮಾಡಿದ್ರೆ ಉಪಯೋಗ ಇದೆ. ಅವಿಭಾಜ್ಯಗಳಾಗಿ ಬಿಡಿಸುವಾಗ ಲಸಾಅದಲ್ಲಿ 7 ಬಿಟ್ಟುಹೋಗಿ 120 ಅಂತ ಬಂತು ಅಂದ್ಕೊಳ್ಳಿ, 12 × 120 = 1440. ಹೊಂದಲಿಲ್ಲ. 10080ನ್ನ 1440ರಿಂದ ಭಾಗಿಸಿದ್ರೆ 7 ಬರುತ್ತೆ, ಏನು ಬಿಟ್ಟಿದ್ದು ಅನ್ನೋದೂ ಅಲ್ಲೇ ಗೊತ್ತಾಗುತ್ತೆ.

ಗಿರೀಶ:
ಶ್ರೀಧರ್ ಸರ್ ಹೇಳಿದ್ದು ಸರಿ, ಆದರೆ ಅದಕ್ಕೆ ಸುಲಭದ ಪರಿಹಾರ ಇದೆ. ಮಸಾಅ ಎರಡೂ ಸಂಖ್ಯೆಗಳನ್ನ ಶೇಷ ಇಲ್ಲದೆ ಭಾಗಿಸುತ್ತಾ, ಲಸಾಅ ಎರಡರಿಂದಲೂ ಭಾಗ ಆಗುತ್ತಾ ಅಂತ ಜೊತೆಗೆ ನೋಡಿದ್ರೆ ಮುಗೀತು. ನನ್ನ ಮಗ 2ರ ಘಾತ ಅದಲುಬದಲು ಮಾಡಿ ಮಸಾಅ 24, ಲಸಾಅ 420 ಅಂತ ಬರೆದಿದ್ದ, ಗುಣಲಬ್ಧ 10080 ಬಂದುಬಿಟ್ಟಿತ್ತು. 24 ಹಾಕಿ 84ನ್ನ ಭಾಗಿಸು ಅಂದೆ, 12 ಉಳೀತು, ಸಿಕ್ಕಿಬಿದ್ದ.

ಶ್ರೀಧರ:
ಅದಲುಬದಲಾದ್ರೆ ಸಿಗುತ್ತೆ ಗಿರೀಶ್, ಅರ್ಧಕ್ಕೆ ನಿಲ್ಲಿಸಿದ್ರೆ ಸಿಗಲ್ಲ. ನಿಮ್ಮ ಪರೀಕ್ಷೆಗೆ ಅದೇ 6, 1680 ಹಾಕಿ ನೋಡಿ. 6 ಎರಡನ್ನೂ ಭಾಗಿಸುತ್ತೆ, 1680 ಎರಡರಿಂದಲೂ ಭಾಗ ಆಗುತ್ತೆ, ಗುಣಲಬ್ಧಾನೂ ಸರಿ. ಮೂರೂ ಪಾಸ್, ಉತ್ತರ ತಪ್ಪು. ನೋಡಬೇಕಾದ್ದು ಭಾಗಿಸಿದ ಮೇಲೆ ಉಳಿಯೋ ಜೋಡಿಯನ್ನ. 14, 20 ಅಂದ್ರೆ ಇನ್ನೂ 2 ಸಾಮಾನ್ಯವಾಗಿದೆ, 12 ಹಾಕಿ ಭಾಗಿಸಿದ್ರೆ 7, 10, ಅಲ್ಲಿ 1 ಬಿಟ್ಟು ಸಾಮಾನ್ಯ ಏನೂ ಇಲ್ಲ. ಆ ಜೋಡಿ ಹಾಗೆ ಬಂದು ಗುಣಲಬ್ಧಾನೂ ಹೊಂದಿದ್ರೆ ಮಾತ್ರ ಎರಡೂ ಉತ್ತರ ಸರಿ ಅಂತ ಧೈರ್ಯವಾಗಿ ಹೇಳಬಹುದು.

ಲತಾ:
ನನ್ನದೂ ಇದೇ ತೊಂದರೆ! 4, 6, 8ಕ್ಕೆ ಮಸಾಅ 2, ಲಸಾಅ 24 ಬಂತು. ಗುಣಿಸಿದ್ರೆ 48, ಮೂರು ಸಂಖ್ಯೆ ಗುಣಿಸಿದ್ರೆ 192. ಎಷ್ಟು ಸಲ ತಿದ್ದಿದ್ರೂ ಹೊಂದ್ತಿಲ್ಲ. ಇದಕ್ಕೆ ಯಾವ ಪದ ಹಾಕೋದು?

ಶ್ರೀಧರ:
ಪದ ಅಲ್ಲ ಮೇಡಂ, ಇಲ್ಲಿ ಸೂತ್ರವೇ ನಡೆಯಲ್ಲ. ನಿಮ್ಮ ಉತ್ತರ ಸರಿಯಿದೆ, ತಿದ್ದಬೇಡಿ. ಎರಡೇ ಸಂಖ್ಯೆ ಇದ್ದಾಗ ಪ್ರತಿ ಅವಿಭಾಜ್ಯದ ಚಿಕ್ಕ ಘಾತ ಮಸಾಅಗೆ, ದೊಡ್ಡದು ಲಸಾಅಗೆ ಹೋಗುತ್ತೆ, ಹೊರಗೆ ಏನೂ ಉಳಿಯಲ್ಲ. ಮೂರಿದ್ದಾಗ ನಡುವಿನದ್ದು ಎಲ್ಲೂ ಸೇರದೆ ಉಳಿಯುತ್ತೆ. ನಿಮ್ಮಲ್ಲಿ 2ರ ಘಾತಗಳು 2, 1, 3. 1 ಮಸಾಅಗೆ, 3 ಲಸಾಅಗೆ, ನಡುವಿನ 2 ಹೊರಗೆ. ಅಂದ್ರೆ ಒಂದು 4 ಕಮ್ಮಿ ಬೀಳುತ್ತೆ, 48 × 4 = 192.

ರಾಘವೇಂದ್ರ:
ಒಟ್ಟಿನಲ್ಲಿ ನಾನು ಹೇಳಿದ "ತಾಳೆ ನೋಡಿ"ಯೇ ನಿಲ್ಲುತ್ತೆ. ಎರಡು ಕಡೆ ಹೊಂದುತ್ತಾ ಅಂತಷ್ಟೇ ಕೇಳುತ್ತೆ, ಅದಕ್ಕಿಂತ ಜಾಸ್ತಿ ಭರವಸೆ ಕೊಡಲ್ಲ.

ವಿನಯಾ:
ಪದಕ್ಕೆ ನನ್ನ ಒಪ್ಪಿಗೆ ಇದೆ, ತಾಳೆಗರಿಗೆ ಇಲ್ಲ.

ಸುಮಾ:
ಧನ್ಯವಾದ. ತಲೆಬರಹ "ತಾಳೆ ನೋಡಿ" ಅಂತ ಮಾಡಿದೆ, ಕೆಳಗೆ "ಎರಡು ಸಂಖ್ಯೆಗಳಿಗೆ ಮಾತ್ರ" ಅಂತ ಸೇರಿಸಿದೆ. ಶ್ರೀಧರ್ ಸರ್ ಹೇಳಿದ ಉಳಿಕೆ ಜೋಡಿ ಪರೀಕ್ಷೆಗೂ ಒಂದು ಸಾಲು ಹಾಕ್ತೀನಿ: "ಭಾಗಿಸಿದಾಗ ಬರುವ ಎರಡು ಸಂಖ್ಯೆಗಳು ಸಹ-ಅವಿಭಾಜ್ಯವೇ?" ಓಕೆನಾ?

ರಾಘವೇಂದ್ರ:
"ಸಹ-ಅವಿಭಾಜ್ಯ" ಓದಿದ ಮಗು 10 ಅವಿಭಾಜ್ಯ ಅಲ್ಲವಲ್ಲ, ಹಾಗಾದ್ರೆ 7, 10 ತಪ್ಪು ಅನ್ನುತ್ತೆ. ಈ ಸಂಸ್ಕೃತದ ಗಂಟು ಕಟ್ಟಿದವರಿಗೆ ಮಕ್ಕಳ ಗೊಡವೆಯೇ ಇರಲಿಲ್ಲ.

ವಿನಯಾ:
ಗೊಂದಲ ಆಗೋದು ನಿಜ, ಸಂಸ್ಕೃತ ಕಾರಣ ಅಲ್ಲ. ಅಚ್ಚಗನ್ನಡದಲ್ಲಿ ಕಟ್ಟಿದ್ರೂ "ಜೊತೆ" ಅನ್ನೋ ಅರ್ಥ ಹಾಗೇ ಉಳಿದ್ರೆ ಮಗು ಅದೇ ಪ್ರಶ್ನೆ ಕೇಳುತ್ತೆ. ನಿಮ್ಮ ಹತ್ರ ಬೇರೆ ಪದ ಇದ್ರೆ ಹೇಳಿ, ಬೈಗುಳ ಬೇಡ.

ಶ್ರೀಧರ:
ಪದ ಸಿಗೋವರೆಗೆ "ಎರಡನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟು ಇನ್ನಾವುದಾದರೂ ಇದೆಯೇ?" ಅಂತ ಬಿಡಿಸಿ ಬರೀರಿ ಸುಮಾ, ಜಾಗ ಹಿಡಿದ್ರೂ ಪರವಾಗಿಲ್ಲ.

ರಾಘವೇಂದ್ರ:
ನಾಳೆ ಸಂಜೆಯೊಳಗೆ ಪದ ಕಳಿಸ್ತೀನಿ.

ಸುಮಾ:
ಸರ್, ಪ್ರಿಂಟ್ ಬೆಳಿಗ್ಗೆ.