ಬುದ್ಧಿ ಹಲ್ಲಿನ ಕೀವು ಎದೆಗೆ ಇಳಿಯುವ ದಾರಿ ಯಾವುದು?

ಫಸ್ಟ್ ಇಯರ್: ಕೆಳದವಡೆಯ ಬುದ್ಧಿ ಹಲ್ಲು ಕೆಟ್ಟು ಕುತ್ತಿಗೆ ಊದಿದವರಿಗೆ ಎದೆಯ ಸಿಟಿ ಯಾಕೆ ಮಾಡಿಸ್ತಾರೆ? ಕುತ್ತಿಗೆಯನ್ನು ಭಾಗ ಮಾಡೋ ಟ್ರಯಾಂಗಲ್‌ಗಳ ಗಡಿ ಬಾಯಿಪಾಠ ಆಗಿದೆ. ಕೀವು ಆ ಗಡಿ ದಾಟೋದು ಹೇಗೆ ಅಂತ ತಿಳೀತಿಲ್ಲ.

ಹಲ್ಲು ಡಾಕ್ಟ್ರು: ಕೀವು ಟ್ರಯಾಂಗಲ್ ಗಡಿ ನೋಡಿಕೊಂಡು ಹೋಗಲ್ಲ. ಬಾಯಿಯ ತಳವಾದ ಮೈಲೋಹಯಾಯ್ಡ್ ಸ್ನಾಯು ದವಡೆಯ ಒಳಮೈಗೆ ಎಲ್ಲಿ ಅಂಟಿದೆ ನೋಡಿ. ಹಿಂದೆ ಹೋದಷ್ಟೂ ಮೇಲೇರುತ್ತೆ. ಹಾಗಾಗಿ ಕೊನೆಯ ಎರಡು ದವಡೆ ಹಲ್ಲುಗಳ ಬೇರಿನ ತುದಿ ಸಾಮಾನ್ಯವಾಗಿ ಸ್ನಾಯುವಿನ ಕೆಳಗಿರುತ್ತೆ. ಅಲ್ಲಿಂದ ಮೂಳೆ ಕೊರೆದು ಬಂದ ಕೀವು ನೇರ ದವಡೆಯಡಿಗೆ ಬೀಳುತ್ತೆ. ಸ್ನಾಯುವಿನ ಹಿಂದಿನ ಅಂಚು ಬಿಡುವಾಗಿದೆ, ಅದನ್ನು ಬಳಸಿಕೊಂಡು ನಾಲಿಗೆ ಕೆಳಕ್ಕೂ ಹೋಗುತ್ತೆ.

ಅನಾಟಮಿ ಮೇಷ್ಟ್ರು: "ಗಡಿ ನೋಡಿಕೊಂಡು ಹೋಗಲ್ಲ" ಅನ್ನೋದು ತಪ್ಪು ಪಾಠ. ಇನ್ವೆಸ್ಟಿಂಗ್ ಲೇಯರ್ ಅನ್ನೋ ಪದರ ಕುತ್ತಿಗೆಯನ್ನು ಪೂರ್ತಿ ಸುತ್ತಿ ಗಂಟಲ ಮುಂದಿನ ಹಯಾಯ್ಡ್ ಮೂಳೆಗೆ ಬಿಗಿಯಾಗಿ ಅಂಟಿದೆ. ದವಡೆಯಡಿಯ ಕೀವು ಹಯಾಯ್ಡ್ ದಾಟಿ ಕೆಳಗಿಳಿಯಲ್ಲ. ಎದೆಯ ಸಿಟಿ ಅತಿ ಜಾಗ್ರತೆ ಅಷ್ಟೇ.

ಅನಸ್ತೇಶಿಯಾ ಪಿಜಿ: "ಪೂರ್ತಿ ಸುತ್ತಿ" ಅಂದಿರಲ್ಲ ಸರ್, ಯಾವ ಆಧಾರದ ಮೇಲೆ? 2002ರಲ್ಲಿ ಶವಗಳ ಕುತ್ತಿಗೆಯನ್ನು ಪ್ಲಾಸ್ಟಿನೇಷನ್ ಮಾಡಿ, ಅಂದರೆ ಪ್ಲಾಸ್ಟಿಕ್ ತುಂಬಿ, ಹಾಳೆಹಾಳೆಯಾಗಿ ನೋಡಿದವರಿಗೆ ಸ್ಟರ್ನೋಮಾಸ್ಟಾಯ್ಡ್ ಮತ್ತು ಟ್ರೆಪೀಜಿಯಸ್ ಸ್ನಾಯುಗಳ ನಡುವೆ, ಅಂದರೆ ಪೋಸ್ಟೀರಿಯರ್ ಟ್ರಯಾಂಗಲ್ ಮೇಲೆ, ಅಂಥ ಪದರವೇ ಸಿಗಲಿಲ್ಲ. ಬರೀ ಸಡಿಲ ಅಂಗಾಂಶ.

ಅನಾಟಮಿ ಮೇಷ್ಟ್ರು: ಒಂದು ಅಧ್ಯಯನ ಹಿಡ್ಕೊಂಡು ಬಂದಿದ್ದೀರಿ. ನಾನು ಕೈಯಾರೆ ಬಿಡಿಸಿ ಮಕ್ಕಳಿಗೆ ತೋರಿಸಿದ್ದೀನಿ.

ಅನಸ್ತೇಶಿಯಾ ಪಿಜಿ: ಸ್ಕಾಲ್ಪೆಲ್ ಹಿಡಿದವರು ಸಡಿಲ ಅಂಗಾಂಶವನ್ನು ಸವರಿ ಸವರಿ ಪದರ ಮಾಡಿಬಿಡಬಹುದು. ಅದಕ್ಕೇ ಪ್ಲಾಸ್ಟಿನೇಷನ್ ಮಾಡಿದ್ದು.

ಅನಾಟಮಿ ಮೇಷ್ಟ್ರು: "ಪದರ ಮಾಡಿಬಿಡಬಹುದು" ಅಂದರೆ ನಾನು ಸುಳ್ಳು ತೋರಿಸಿದೆ ಅಂತಲೇ? ಮಾತು ಬಿಗಿ ಇರಲಿ.

ಮಂಡ್ಯದ ಮಗ: ನಮ್ಮಪ್ಪಂಗೂ ಹಿಂಗೇ ಕುತ್ತಿಗೆ ಪಕ್ಕ, ಕಾಲರ್ ಮೂಳೆ ಮೇಲೆ ಬಾವು ಬಂದಿತ್ತು. ನೋವಿಲ್ಲ, ಬಿಸಿ ಇಲ್ಲ. ಹಲ್ಲಿಂದ ಅಂತ ಎರಡು ಹಲ್ಲು ಕಿತ್ತರು. ಆಮೇಲೆ ಬೆನ್ನುಮೂಳೆ ಟಿಬಿ ಅಂದ್ರು. ಯಾರೂ ಸುಮ್ಮನೆ ಹಲ್ಲು ಕೀಳಿಸ್ಕೋಬೇಡಿ.

ಶಿವಮೊಗ್ಗ ಇಎನ್‌ಟಿ: ಅಣ್ಣಾ, ನಿಮ್ಮ ತಂದೆಯವರದ್ದು ಬೇರೆ ದಾರಿ. ಕುತ್ತಿಗೆಯ ಕಶೇರುಗಳಲ್ಲಿ ಟಿಬಿ ಆದರೆ ಕೀವು ಬೆನ್ನುಮೂಳೆಯ ಮುಂದಿರೋ ಪ್ರಿವರ್ಟಿಬ್ರಲ್ ಪದರದ ಹಿಂದೆ ಸೇರುತ್ತೆ. ಪೋಸ್ಟೀರಿಯರ್ ಟ್ರಯಾಂಗಲ್‌ನ ತಳಕ್ಕೂ ಅದೇ ಪದರ ಹಾಸಿದೆ. ಕೀವು ಅದರಡಿಯಲ್ಲೇ ಜಾರಿ ಪಕ್ಕಕ್ಕೆ ಬರುತ್ತೆ, ಕೆಲವರಿಗೆ ಕಂಕುಳಿಗೂ ಇಳಿಯುತ್ತೆ.

ಮೇಷ್ಟ್ರೇ, ನಾನು ನೋಡಿದ ಒಬ್ಬರ ವಿಷಯ ಕೇಳಿ. ಸಕ್ಕರೆ ಕಾಯಿಲೆ ಇತ್ತು, ಬುದ್ಧಿ ಹಲ್ಲು ಕೆಟ್ಟಿತ್ತು. ದವಡೆಯಡಿ ಎರಡೂ ಕಡೆ ಮರದ ಹಲಗೆಯಷ್ಟು ಗಟ್ಟಿ, ನಾಲಿಗೆ ಮೇಲಕ್ಕೆದ್ದು ಅಂಗುಳಕ್ಕೆ ತಾಗಿತ್ತು, ಜೊಲ್ಲು ನುಂಗಕ್ಕಾಗದೆ ಮುಂದಕ್ಕೆ ಬಾಗಿ ಕೂತಿದ್ದರು. ಮೊದಲು ಎಚ್ಚರವಿರುವಾಗಲೇ ಮೂಗಿನಿಂದ ಫೈಬರ್ ಸ್ಕೋಪ್ ಇಳಿಸಿ ಉಸಿರಿನ ದಾರಿ ಭದ್ರ ಮಾಡಿದೆವು. ಸಿಟಿಯಲ್ಲಿ ಕೀವು ದವಡೆಯಡಿಯಿಂದ ಗಂಟಲ ಪಕ್ಕಕ್ಕೆ, ಅಲ್ಲಿಂದ ಗಂಟಲ ಹಿಂದಕ್ಕೆ ಹೋಗಿತ್ತು. ಅಲ್ಲಿ ಆಲಾರ್ ಅನ್ನೋ ತೆಳು ಪದರ ತೂತಾದರೆ ಹಿಂದಿರೋದು ಡೇಂಜರ್ ಸ್ಪೇಸ್ ಅನ್ನೋ ಸಂದು. ತಲೆಬುರುಡೆಯ ತಳದಿಂದ ವಪೆಯವರೆಗೆ ಅಲ್ಲಿ ತಡೆ ಇಲ್ಲ. ಇವರದ್ದು ಎದೆಗೆ ಇಳಿದಿತ್ತು. ಹಯಾಯ್ಡ್ ಏನು ತಡೆಯಿತು?

ಅನಾಟಮಿ ಮೇಷ್ಟ್ರು: ತಡೆದಿದ್ದಕ್ಕೇ ಹಿಂದಕ್ಕೆ ತಿರುಗಿದ್ದು. ನನ್ನ ಮಾತಿಗೇ ಸಾಕ್ಷಿ ಕೊಟ್ಟಿರಿ.

ಅನಸ್ತೇಶಿಯಾ ಪಿಜಿ: "ಎದೆಯ ಸಿಟಿ ಅತಿ ಜಾಗ್ರತೆ" ಅಂದಿದ್ದೂ ನೀವೇ. ಅದನ್ನ ಬಿಟ್ಟು ಉಳಿದದ್ದು ಹೇಳ್ತಿದ್ದೀರಿ.

ಅನಾಟಮಿ ಮೇಷ್ಟ್ರು: ನಿಮ್ಮ ಸಡಿಲ ಅಂಗಾಂಶವೇ ನಿಜವಾದರೆ ಕೀವು ಚರ್ಮಕ್ಕೆ ಬಂದು ಒಡೆಯಬೇಕಿತ್ತು. ಹಲಗೆಯಂತೆ ಯಾಕೆ ಗಟ್ಟಿಯಾಯಿತು?

ಅನಸ್ತೇಶಿಯಾ ಪಿಜಿ: ನಾನು ಹೇಳಿದ್ದು ಪೋಸ್ಟೀರಿಯರ್ ಟ್ರಯಾಂಗಲ್ ಬಗ್ಗೆ. ದವಡೆಯಡಿಯದನ್ನ ನನ್ನ ಬಾಯಿಗೆ ತುರುಕಬೇಡಿ.

ಹಲ್ಲು ಡಾಕ್ಟ್ರು: ಗಟ್ಟಿ ಅಂದಿದ್ದಕ್ಕೆ ಒಂದು ಮಾತು. ಬೆರಳಿಗೆ ತುಳುಕೋವರೆಗೆ ಕಾಯೋಣ, ಹಣ್ಣಾಗಲಿ ಅಂತ ಮನೆಗೆ ಕಳಿಸೋರು ಇನ್ನೂ ಇದ್ದಾರೆ. ಇಲ್ಲಿ ತುಳುಕೋದೇ ಇಲ್ಲ. ಬಹಳ ಸಲ ಅದು ಕೀವಿನ ಗಡ್ಡೆಯಲ್ಲ, ಅಂಗಾಂಶದ ತುಂಬ ಹರಡಿದ ಸೋಂಕು.

ಶಿವಮೊಗ್ಗ ಇಎನ್‌ಟಿ: ಅದು ನಿಜ. ನಾಲಿಗೆ ಎದ್ದಿದೆ, ಮಲಗಕ್ಕಾಗಲ್ಲ ಅಂದರೆ ಸಿಟಿ ಟೇಬಲ್ ಮೇಲೆ ಅಂಗಾತ ಮಲಗಿಸೋದೂ ಉಸಿರಿನ ದಾರಿ ಭದ್ರವಾದ ಮೇಲೆಯೇ.

ಫಸ್ಟ್ ಇಯರ್: ಹಾಗಾದರೆ ಇಂಟರ್ನಲ್ಸ್‌ನಲ್ಲಿ ಪೋಸ್ಟೀರಿಯರ್ ಟ್ರಯಾಂಗಲ್ ಮೇಲೆ ಇನ್ವೆಸ್ಟಿಂಗ್ ಲೇಯರ್ ಬಿಡಿಸಲೋ ಬೇಡವೋ?

ಅನಾಟಮಿ ಮೇಷ್ಟ್ರು: ಬಿಡಿಸಿ. ಪೂರ್ತಿ ಗೆರೆ.

ಅನಸ್ತೇಶಿಯಾ ಪಿಜಿ: ಅಂಕಕ್ಕೆ ಬಿಡಿಸಿ. ಕತ್ತರಿಸಿದಾಗ ಸಿಗುತ್ತೆ ಅಂತ ನಂಬಬೇಡಿ.